ಡಿಲೀಟ್ ಆದ ಫೋಟೋ ವಾಪಸ್ ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಸಾಗರದಲ್ಲಿ ಒಂದು ಸಣ್ಣ ಸ್ಟುಡಿಯೋ. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋ, ಇಷ್ಟೇ ವ್ಯಾಪಾರ. ಆದರೆ ವಾರಕ್ಕೆ ಒಬ್ಬರಾದರೂ ಫೋನನ್ನೋ ಕಾರ್ಡನ್ನೋ ಮುಷ್ಟಿಯಲ್ಲಿ ಹಿಡಿದುಕೊಂಡು, ಮುಖ ಸಣ್ಣಗೆ ಮಾಡಿಕೊಂಡು ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರ ಮಾತಿನಲ್ಲೇ ಬರೆದಿದ್ದೇನೆ. ಮೊದಲು ಸುಲಭದವು, ಆಮೇಲೆ ಕಷ್ಟದವು.

## ಮೊದಲು ಇದನ್ನು ಓದಿ

ಈಗ ತಾನೇ ಡಿಲೀಟ್ ಆಯ್ತು ಸರ್. ಮೊದಲು ಏನು ಮಾಡ್ಲಿ?

ಏನೂ ಮಾಡಬೇಡಿ. ತಮಾಷೆಗೆ ಹೇಳುತ್ತಿಲ್ಲ. ಕ್ಯಾಮೆರಾ ಆಗಿದ್ದರೆ ಆಫ್ ಮಾಡಿ ಕಾರ್ಡ್ ಹೊರಗೆ ತೆಗೆಯಿರಿ. ದೊಡ್ಡ ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಒಂದು ಸಣ್ಣ ಲಾಕ್ ಇರುತ್ತದೆ, ಅದನ್ನು ಕೆಳಕ್ಕೆ ಜರುಗಿಸಿ. ಆಮೇಲೆ ಅದರ ಮೇಲೆ ಕ್ಯಾಮೆರಾವಾಗಲಿ ಕಂಪ್ಯೂಟರಾಗಲಿ ಬರೆಯುವುದಿಲ್ಲ. ಮೈಕ್ರೋ ಎಸ್‌ಡಿಗೆ ಈ ಲಾಕ್ ಇಲ್ಲ, ಆದರೆ ಅದನ್ನು ಹಾಕುವ ಅಡಾಪ್ಟರಿಗೆ ಇದೆ.

ಫೋನ್ ಆಗಿದ್ದರೆ ಹೊಸ ಫೋಟೋ ತೆಗೆಯುವುದು, ವಿಡಿಯೊ ಇಳಿಸಿಕೊಳ್ಳುವುದು ನಿಲ್ಲಿಸಿ. ಅವಸರದಲ್ಲಿ ರಿಕವರಿ ಆ್ಯಪ್ ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಡಿಲೀಟ್ ಆದ ಫೋಟೋ ಇನ್ನೂ ಒಳಗೇ ಇರುತ್ತೆ ಅಂತಾರಲ್ಲ, ನಿಜಾನಾ?

ಕಾರ್ಡಿನಲ್ಲಿ ನಿಜ. ಫೋನಿನ ಒಳಗಿನ ಮೆಮೊರಿಯಲ್ಲಿ ಹೆಚ್ಚುಕಡಿಮೆ ಸುಳ್ಳು. ಈ ಒಂದು ವ್ಯತ್ಯಾಸ ಗೊತ್ತಾದರೆ ಉಳಿದದ್ದೆಲ್ಲ ಸುಲಭ.

ಕಾರ್ಡಿನಲ್ಲಿ ಒಂದು ಪಟ್ಟಿ ಇರುತ್ತದೆ. ಯಾವ ಫೋಟೋ ಎಲ್ಲಿಂದ ಎಲ್ಲಿಯವರೆಗೆ ಇದೆ ಅನ್ನುವುದು ಅದರಲ್ಲಿ ಬರೆದಿರುತ್ತದೆ. 32 ಜಿಬಿವರೆಗಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ FAT32, ಅದಕ್ಕಿಂತ ದೊಡ್ಡವುಗಳಲ್ಲಿ exFAT ಅನ್ನುವ ಪದ್ಧತಿ. ಡಿಲೀಟ್ ಒತ್ತಿದರೆ ಪಟ್ಟಿಯಲ್ಲಿ ಆ ಹೆಸರಿಗೆ ಒಂದು ಗುರುತು ಬೀಳುತ್ತದೆ, ಆ ಜಾಗ ಖಾಲಿ ಅಂತ ದಾಖಲಾಗುತ್ತದೆ, ಅಷ್ಟೇ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೆ ಗದ್ದೆ ಎಲ್ಲಿಗೂ ಹೋಗುವುದಿಲ್ಲವಲ್ಲ, ಬೆಳೆ ನಿಂತೇ ಇರುತ್ತದೆ. ಇನ್ನೊಬ್ಬರು ಬಂದು ಉಳುವವರೆಗೆ ಮಾತ್ರ. ಹೊಸ ಫೋಟೋ ತೆಗೆಯುವುದು ಅಂದರೆ ಉಳುವುದು.

ಈಗಿನ ಫೋನುಗಳ ಲೆಕ್ಕವೇ ಬೇರೆ. ಅಲ್ಲಿ ಪ್ರತಿ ಫೋಟೋವನ್ನೂ ಬೀಗ ಹಾಕಿ, ಅಂದರೆ ಎನ್‌ಕ್ರಿಪ್ಟ್ ಮಾಡಿ ಇಟ್ಟಿರುತ್ತಾರೆ. ಫೈಲ್ ಅಳಿಸಿದಾಗ ಆ ಫೈಲಿನ ಬೀಗ ತೆಗೆಯಲು ಬೇಕಾದ ಗುರುತೂ ಅಳಿಯುತ್ತದೆ. ಸಾಲದ್ದಕ್ಕೆ, ಚಾರ್ಜಿಗೆ ಹಾಕಿದ ಫೋನ್ ಸುಮ್ಮನೆ ಬಿದ್ದಿರುವಾಗ ಟ್ರಿಮ್ ಅನ್ನುವ ಕೆಲಸ ನಡೆಯುತ್ತದೆ. ಖಾಲಿಯಾದ ಜಾಗ ಯಾವುದು ಅಂತ ಮೆಮೊರಿ ಚಿಪ್‌ಗೆ ಹೇಳಿ ಅದನ್ನು ನಿಜವಾಗಿಯೂ ಒರೆಸಲು ಬಿಡುವ ಕೆಲಸ ಅದು. ಇಲ್ಲಿ ಪಹಣಿ, ಬೆಳೆ, ಗದ್ದೆ ಮೂರೂ ಹೋಯಿತು.

## ಫೋನಿನಲ್ಲಿದ್ದ ಫೋಟೋ

ಗ್ಯಾಲರಿಯಲ್ಲಿ ಕಾಣ್ತಿಲ್ಲ. ಎಲ್ಲೆಲ್ಲಿ ಹುಡುಕ್ಬೇಕು?

ಮೊದಲು ಕಸದ ಬುಟ್ಟಿ. ಆದರೆ ಒಂದೇ ಫೋನಿನಲ್ಲಿ ಎರಡು ಬುಟ್ಟಿ ಇರುತ್ತವೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಫೋನ್ ಕಂಪನಿಯ ಗ್ಯಾಲರಿಗೆ ಒಂದು, ಗೂಗಲ್ ಫೋಟೋಸ್‌ಗೆ ಇನ್ನೊಂದು. ಒಂದರಲ್ಲಿ ಇಲ್ಲ ಅಂತ ಕೈಚೆಲ್ಲಿ ಕೂತವರಿಗೆ ಇನ್ನೊಂದರಲ್ಲಿ ತೆಗೆದುಕೊಟ್ಟಿದ್ದೇನೆ.

ಗೂಗಲ್ ಫೋಟೋಸ್‌ನಲ್ಲಿ ಅದರ ಹೆಸರು Trash ಅಥವಾ Bin. ಬ್ಯಾಕಪ್ ಆಗಿದ್ದ ಫೋಟೋ ಅಲ್ಲಿ 60 ದಿನ ಇರುತ್ತದೆ, ಬ್ಯಾಕಪ್ ಆಗದೇ ಇದ್ದದ್ದು 30 ದಿನ. ಸ್ಯಾಮ್‌ಸಂಗ್ ಗ್ಯಾಲರಿಯ ಬುಟ್ಟಿಯಲ್ಲಿ 30 ದಿನ. ಐಫೋನಿನಲ್ಲಿ Recently Deleted ಅನ್ನುವ ಆಲ್ಬಂ ಇದೆ, ಅಲ್ಲೂ ಕನಿಷ್ಠ 30 ದಿನ. ಹೊಸ ಐಫೋನುಗಳಲ್ಲಿ ಆ ಆಲ್ಬಂ ತೆರೆಯಲು ಮುಖವನ್ನೋ ಪಾಸ್‌ಕೋಡನ್ನೋ ಕೇಳುತ್ತದೆ. ಅದನ್ನು ನೋಡಿ ಖಾಲಿ ಇದೆ ಅಂದುಕೊಳ್ಳಬೇಡಿ.

ಕೇಬಲ್ ಹಾಕಿ ಕಂಪ್ಯೂಟರಿನಿಂದ ಅಳಿಸಿದ್ದರೆ ಮಾತ್ರ ಕಷ್ಟ. ಹಾಗೆ ಅಳಿಸಿದ್ದು ಯಾವ ಬುಟ್ಟಿಗೂ ಬೀಳುವುದಿಲ್ಲ.

ಬುಟ್ಟಿಯಲ್ಲಿ ಇಲ್ಲ ಅಂದರೆ, ಫೋಟೋ ನಿಜವಾಗಿ ಡಿಲೀಟ್ ಆಗಿದೆಯಾ ಅಂತ ಒಮ್ಮೆ ಯೋಚಿಸಿ. ಎಷ್ಟೋ ಸಲ ಅದು ಗೂಗಲ್ ಫೋಟೋಸ್‌ನ Archive ಒಳಗೆ ಹೋಗಿ ಕೂತಿರುತ್ತದೆ. ಇಲ್ಲವೇ ಫೋನಿನಲ್ಲಿರುವ ಎರಡನೇ ಜಿಮೇಲ್ ಖಾತೆಯಲ್ಲಿರುತ್ತದೆ. ಮೇಲ್ಗಡೆ ಬಲಕ್ಕಿರುವ ನಿಮ್ಮ ಚಿತ್ರ ಒತ್ತಿ ಖಾತೆ ಬದಲಾಯಿಸಿ ನೋಡಿ. ಹೊಸ ಫೋನ್ ಕೊಂಡಾಗ ಮಗ ತನ್ನ ಖಾತೆ ಹಾಕಿಕೊಟ್ಟಿರುತ್ತಾನೆ, ಅಮ್ಮನ ಮೂರು ವರ್ಷದ ಫೋಟೋ ಎಲ್ಲ ಮಗನ ಖಾತೆಗೆ ಹೋಗಿರುತ್ತವೆ. ಇದು ನಾನು ಕಂಡ ಅತಿ ಸುಖಾಂತ್ಯದ ಕಾಯಿಲೆ.

ಬುಟ್ಟಿಯನ್ನೂ ಖಾಲಿ ಮಾಡ್ಬಿಟ್ಟೆ. ಪ್ಲೇ ಸ್ಟೋರಿನ ರಿಕವರಿ ಆ್ಯಪ್ ಹಾಕಿದ್ರೆ ಬರಲ್ವಾ?

ಬರುವುದಿಲ್ಲ. ಏನೋ ಬಂದ ಹಾಗೆ ಕಾಣುತ್ತದೆ, ಅದೇ ಮೋಸ.

ಆ ಆ್ಯಪ್‌ಗಳು ಅರ್ಧ ನಿಮಿಷ ಏನೋ ತಿರುಗಿಸಿ, “4,000 ಫೋಟೋ ಸಿಕ್ಕಿವೆ” ಅಂತ ತೋರಿಸುತ್ತವೆ. ಒತ್ತಿ ನೋಡಿದರೆ ಅರ್ಧ ನಿಮ್ಮ ಗ್ಯಾಲರಿಯಲ್ಲಿ ಈಗಲೂ ಇರುವ ಫೋಟೋಗಳೇ. ಉಳಿದವು ಥಂಬ್‌ನೈಲ್‌ಗಳು. ಅಂದರೆ ಗ್ಯಾಲರಿ ಬೇಗ ತೆರೆದುಕೊಳ್ಳಲಿ ಅಂತ ಫೋನ್ ಮಾಡಿಟ್ಟುಕೊಂಡ ಚಿಕ್ಕ ಪ್ರತಿಗಳು. ಬೆರಳುಗುರಿನಷ್ಟು ಚಿತ್ರ. ದೊಡ್ಡದು ಮಾಡಿದರೆ ಮುಖ ಯಾವುದು ಮುಂಡಾಸು ಯಾವುದು ತಿಳಿಯುವುದಿಲ್ಲ. ಒಬ್ಬರಿಗೆ ತೀರಿಹೋದ ತಂದೆಯ ಚಿತ್ರ ಹಾಗೆ ಸಿಕ್ಕಿತ್ತು, ಅವರಿಗೆ ಅಷ್ಟೇ ಸಾಕಾಯಿತು. ಹಾಗಾಗಿ ಪೂರ್ತಿ ದಂಡ ಅನ್ನಲಾರೆ. ಆದರೆ ಅಸಲು ಫೋಟೋ ಬರುತ್ತದೆ ಅಂತ ದುಡ್ಡು ಕಟ್ಟಬೇಡಿ. ಆ್ಯಪ್‌ಗಳಿಗೆ ಫೋನಿನ ಕಚ್ಚಾ ಮೆಮೊರಿ ಮುಟ್ಟಲು ಅನುಮತಿಯೇ ಇಲ್ಲ. ಇದ್ದರೂ ಮೇಲೆ ಹೇಳಿದ ಬೀಗ ಇದೆ.

ಕಂಪ್ಯೂಟರಿಗೆ ಸಿಗಿಸಿ ಸಾಫ್ಟ್‌ವೇರ್ ಓಡಿಸುತ್ತೇವೆ ಅನ್ನುವವರದ್ದೂ ಇದೇ ಕಥೆ. ಕೇಬಲ್ ಹಾಕಿದ ಫೋನ್ ಕಂಪ್ಯೂಟರಿಗೆ ಪೆನ್‌ಡ್ರೈವ್‌ನಂತೆ ಕಾಣುವುದಿಲ್ಲ. ಇರುವ ಫೈಲುಗಳ ಪಟ್ಟಿಯನ್ನು ಮಾತ್ರ ಅದು ಕೊಡುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದ್ದರಂತೂ ಇಡೀ ಫೋನಿನ ಬೀಗದ ಕೈ ಹೋಯಿತು. ಅದಕ್ಕೆ ಲ್ಯಾಬ್‌ನಲ್ಲೂ ಮದ್ದಿಲ್ಲ.

ಹಾಗಾದ್ರೆ ಫೋನಿನ ಫೋಟೋ ಹೋದ್ರೆ ಹೋಯ್ತು ಅಂತಾನಾ?

ಆ ಫೋನಿನಲ್ಲಿ ಹೋಯಿತು. ಆದರೆ ಒಂದು ಫೋಟೋ ಈಗಿನ ಕಾಲದಲ್ಲಿ ಒಂದೇ ಕಡೆ ಇರುವುದು ಅಪರೂಪ. ಮಗುವಿನ ನಾಮಕರಣದ ಫೋಟೋ ನೀವು ಯಾರಿಗಾದರೂ ಕಳಿಸಿಯೇ ಇರುತ್ತೀರಿ. ಅಲ್ಲಿ ಹುಡುಕಿ.

ಆಂಡ್ರಾಯ್ಡ್ ಫೋನಿನಲ್ಲಿ ನೀವು ವಾಟ್ಸಾಪಿನಿಂದ ಕಳಿಸಿದ ಫೋಟೋಗಳ ಇನ್ನೊಂದು ಪ್ರತಿ ಬೇರೆ ಜಾಗದಲ್ಲಿ ಉಳಿದಿರುತ್ತದೆ. ಗ್ಯಾಲರಿಯಲ್ಲಿ ಅದು ಕಾಣುವುದಿಲ್ಲ. ಫೈಲ್ ಮ್ಯಾನೇಜರ್ ತೆರೆದು ಈ ದಾರಿ ಹಿಡಿಯಿರಿ:

```
Android/media/com.whatsapp/WhatsApp/Media/WhatsApp Images/Sent
```

ಈ ಫೋಲ್ಡರ್ ಬಗ್ಗೆ ನನಗೆ ಗೊತ್ತಾದ ಮೇಲೆ ಅಂಗಡಿಗೆ ಬಂದ ಅರ್ಧ ಜನರ ಸಮಸ್ಯೆ ಟೀ ಕುಡಿಯುವುದರೊಳಗೆ ಮುಗಿಯುತ್ತಿದೆ. ಒಂದು ಕೊರತೆ ಉಂಟು. ವಾಟ್ಸಾಪ್ ಕಳಿಸುವಾಗ ಫೋಟೋವನ್ನು ಕುಗ್ಗಿಸುತ್ತದೆ. ಫೋನಿನಲ್ಲಿ ನೋಡಲು, ಪೋಸ್ಟ್‌ಕಾರ್ಡ್ ಅಳತೆಗೆ ಪ್ರಿಂಟ್ ಹಾಕಲು ಅಡ್ಡಿಯಿಲ್ಲ. ಗೋಡೆಗೆ ಹಾಕುವ ದೊಡ್ಡ ಫ್ರೇಮಿಗೆ ಸಾಲದು. ಡಾಕ್ಯುಮೆಂಟ್ ಅಂತ ಕಳಿಸಿದ್ದರೆ ಅಸಲು ಫೈಲೇ ಇರುತ್ತದೆ.

## ಮೆಮೊರಿ ಕಾರ್ಡಿನಲ್ಲಿದ್ದ ಫೋಟೋ

ಕ್ಯಾಮೆರಾದಲ್ಲಿ ಕಾರ್ಡ್ ಫಾರ್ಮ್ಯಾಟ್ ಆಗಿದೆ, ಆಮೇಲೆ ಸ್ವಲ್ಪ ಫೋಟೋನೂ ತೆಗೆದಾಗಿದೆ. ಎಷ್ಟು ವಾಪಸ್ ಬರುತ್ತೆ?

ಇದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ನಾಚಿಕೆಯ ಕಥೆ, ಆದರೆ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಹಳ್ಳಿಯೊಂದರಲ್ಲಿ ಗೃಹಪ್ರವೇಶ. 32 ಜಿಬಿ ಕಾರ್ಡ್, 1,100 ಫೋಟೋ, ಒಂದೊಂದೂ ಸುಮಾರು 8 ಎಂಬಿ. ಅಂದರೆ 9 ಜಿಬಿಯ ಹತ್ತಿರ. ಮನೆಗೆ ಬಂದು ಕಾರ್ಡನ್ನು ಕ್ಯಾಮೆರಾದಲ್ಲೇ ಬಿಟ್ಟು ಮಲಗಿದೆ. ಮಾರನೇ ದಿನ ಬೆಳಿಗ್ಗೆ ಅಂಗಡಿಯ ಹುಡುಗ ಶಾಲೆಯ ಗುಂಪು ಫೋಟೋಗೆ ಹೊರಟವನು, ಹಳೆಯದೆಲ್ಲ ಕಾಪಿ ಆಗಿದೆ ಅಂದುಕೊಂಡು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಕೊಟ್ಟ. 60 ಫೋಟೋ ತೆಗೆದ. ಮಧ್ಯಾಹ್ನ ಗೊತ್ತಾಯಿತು.

ಕ್ಯಾಮೆರಾದ ಸಾಮಾನ್ಯ ಫಾರ್ಮ್ಯಾಟ್ ಪಟ್ಟಿಯನ್ನು ಮಾತ್ರ ಖಾಲಿ ಮಾಡುತ್ತದೆ. ಖಾಲಿ ಕಾರ್ಡಿಗೆ ಹೊಸ ಫೋಟೋಗಳು ಸಾಮಾನ್ಯವಾಗಿ ಕಾರ್ಡಿನ ಶುರುವಿನಿಂದ ಸಾಲಾಗಿ ಬರೆಯಲ್ಪಡುತ್ತವೆ. 60 ಫೋಟೋ ಅಂದರೆ ಸುಮಾರು 480 ಎಂಬಿ. ಹಾಗಾಗಿ ಹೋದದ್ದು ಎಲ್ಲೆಲ್ಲಿಂದಲೋ ಆರಿಸಿದ 60 ಅಲ್ಲ, ಗೃಹಪ್ರವೇಶದ ಮೊದಲ 60. ತೋರಣ ಕಟ್ಟಿದ್ದು, ಗೋವನ್ನು ಒಳಗೆ ಕರೆತಂದದ್ದು, ಯಜಮಾನರು ಕಲಶ ಹಿಡಿದು ಹೊಸ್ತಿಲು ದಾಟಿದ್ದು. ಕೊನೆಯ ಹೊಸ ಫೋಟೋ ಮುಗಿದ ಜಾಗದಲ್ಲಿ ಇನ್ನೊಂದು ಹಳೆಯ ಫೋಟೋದ ತಲೆಯೂ ಹಾರಿತ್ತು, ಸೇರಿ 61. ಉಳಿದ 1,039 ಸಿಕ್ಕಿದವು. ಅದರಲ್ಲಿ 4 ಅರ್ಧ ಬೂದು, 1,035 ಪೂರ್ತಿ.

ತಮಾಷೆ ಏನು ಗೊತ್ತಾ? ಕಾರ್ಡಿನ ಹಿಂಭಾಗದಿಂದ ಹಿಂದಿನ ವರ್ಷದ ಜಾತ್ರೆಯ ತೇರು, ಯಾರದ್ದೋ ಉಪನಯನ, ಎಲ್ಲ ಎದ್ದು ಬಂದವು. ಅಷ್ಟು ಸಲ ಫಾರ್ಮ್ಯಾಟ್ ಮಾಡಿದ್ದರೂ ಆ ಭಾಗದ ಮೇಲೆ ಯಾರೂ ಬರೆದೇ ಇರಲಿಲ್ಲ.

ನಿಮ್ಮದನ್ನೂ ಹೀಗೇ ಲೆಕ್ಕ ಹಾಕಬಹುದು. ಫಾರ್ಮ್ಯಾಟ್ ಆದ ಮೇಲೆ ಎಷ್ಟು ತೆಗೆದಿರೋ ಹೆಚ್ಚುಕಡಿಮೆ ಅಷ್ಟೇ ನಷ್ಟ. ಒಂದು ಎಚ್ಚರಿಕೆ: ಕೆಲವು ಕ್ಯಾಮೆರಾಗಳಲ್ಲಿ Low level format ಅಂತ ಇನ್ನೊಂದು ಆಯ್ಕೆ ಇರುತ್ತದೆ. ಅದಕ್ಕೆ ಟಿಕ್ ಬಿದ್ದಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಕಾರ್ಡೇ ಒರೆಸಿಹೋಗಿರುತ್ತದೆ. ವಿಂಡೋಸ್‌ನಲ್ಲಿ Quick Format ಟಿಕ್ ತೆಗೆದು ಫಾರ್ಮ್ಯಾಟ್ ಮಾಡಿದ್ದರೂ ಅಷ್ಟೇ.

ಯಾವ ಸಾಫ್ಟ್‌ವೇರ್? ಹೇಗೆ ಓಡಿಸೋದು?

ನಾನು ಬಳಸುವುದು ಫೋಟೋರೆಕ್. ಕ್ರಿಸ್ಟೋಫ್ ಗ್ರೆನಿಯೆ ಅನ್ನುವವರು ಬರೆದದ್ದು, ಪೂರ್ತಿ ಉಚಿತ, ಟೆಸ್ಟ್‌ಡಿಸ್ಕ್ ಅನ್ನುವ ಇನ್ನೊಂದು ಉಪಕರಣದ ಜೊತೆಗೇ ಬರುತ್ತದೆ. ನೋಡಲು ಚಂದವಿಲ್ಲ. ಆದರೆ “ಫೋಟೋ ಸಿಕ್ಕಿದೆ, ಉಳಿಸಲು ದುಡ್ಡು ಕಟ್ಟಿ” ಅಂತ ಕೊನೆಯಲ್ಲಿ ಕೈ ಕೊಡುವುದಿಲ್ಲ.

ಅದು ಕೆಲಸ ಮಾಡುವ ರೀತಿ ಸರಳ. ಹಾಳಾದ ಪಟ್ಟಿಯನ್ನು ನೆಚ್ಚಿಕೊಳ್ಳದೆ ಕಾರ್ಡನ್ನು ತುದಿಯಿಂದ ತುದಿಗೆ ಓದುತ್ತದೆ. ಪ್ರತಿ ಜೆಪೆಗ್ ಫೋಟೋ `FF D8 FF` ಅನ್ನುವ ಗುರುತಿನಿಂದ ಶುರುವಾಗುತ್ತದೆ. ಅದು ಕಂಡ ಕೂಡಲೇ “ಇಲ್ಲೊಂದು ಫೋಟೋ ಇದೆ” ಅಂತ ಅಲ್ಲಿಂದ ಎತ್ತಿಕೊಳ್ಳುತ್ತದೆ. ಕ್ಯಾಮೆರಾದ ರಾ ಫೈಲುಗಳಿಗೂ ಅದಕ್ಕೆ ಗುರುತು ಗೊತ್ತು.

ವಿಂಡೋಸ್‌ನಲ್ಲಿ ಜಿಪ್ ಬಿಚ್ಚಿ `qphotorec_win.exe` ತೆರೆಯಿರಿ. ಕಾರ್ಡನ್ನು ಕ್ಯಾಮೆರಾದಲ್ಲಿ ಬಿಟ್ಟು ಕೇಬಲ್ ಹಾಕಬೇಡಿ, ಕಾರ್ಡ್ ರೀಡರಿಗೆ ಹಾಕಿ. ಮೇಲಿನ ಪಟ್ಟಿಯಲ್ಲಿ ಕಾರ್ಡ್ ಆರಿಸಿ. ಅಳತೆ ನೋಡಿ ಆರಿಸಿ, 32 ಜಿಬಿ ಕಾರ್ಡ್ 29 ರಿಂದ 32ರ ಒಳಗೆ ಏನೋ ಒಂದು ತೋರಿಸುತ್ತದೆ. ಕೆಳಗೆ ಅದರ ಪಾರ್ಟಿಷನ್, ಅಂದರೆ ಫೋಟೋಗಳಿದ್ದ ಭಾಗ ಒತ್ತಿ. ಫೈಲ್ ಸಿಸ್ಟಂ ಅಂತ ಎರಡು ಆಯ್ಕೆ ಇದ್ದಲ್ಲಿ FAT ಹೆಸರಿರುವುದನ್ನು ಆರಿಸಿ. Free ಅಂದರೆ ಖಾಲಿ ಅಂತ ಬರೆದಿರುವ ಜಾಗ ಮಾತ್ರ, Whole ಅಂದರೆ ಇಡೀ ಕಾರ್ಡ್. ಸುಮ್ನೆ ಡಿಲೀಟ್ ಅಥವಾ ಫಾರ್ಮ್ಯಾಟ್ ಆಗಿದ್ದರೆ Free ಸಾಕು. ಪಟ್ಟಿಯೇ ಕೆಟ್ಟಿದ್ದರೆ Whole.

ಆಮೇಲೆ ಎಲ್ಲಿ ಉಳಿಸಬೇಕು ಅಂತ ಕೇಳುತ್ತದೆ. ಇಲ್ಲೇ ಜನ ಎಡವುವುದು. ಅದೇ ಕಾರ್ಡಿಗೆ ಉಳಿಸಿದರೆ, ಸಿಕ್ಕಿದ ಫೋಟೋ ಸಿಗಬೇಕಾದ ಫೋಟೋದ ಮೇಲೆ ಕೂರುತ್ತದೆ. ಕಂಪ್ಯೂಟರಿನ ಡಿಸ್ಕ್‌ನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ ಅಲ್ಲಿಗೆ ಕೊಡಿ. Search ಒತ್ತಿ ಕೂರಿ. ಹಳೆಯ ರೀಡರ್ ಸೆಕೆಂಡಿಗೆ 20 ಎಂಬಿ ಓದಿದರೆ 32 ಜಿಬಿಗೆ ಅರ್ಧ ಗಂಟೆಯ ಹತ್ತಿರ ಬೇಕು.

ಫೋಟೋ ಬಂತು, ಆದ್ರೆ ಹೆಸರೆಲ್ಲ f0123456.jpg ಅಂತಿದೆ. ಯಾವುದು ಯಾವುದು ಅಂತ ಹೇಗೆ ಗೊತ್ತಾಗೋದು?

ಹೆಸರು ಇದ್ದದ್ದು ಪಟ್ಟಿಯಲ್ಲಿ, ಪಟ್ಟಿ ಹೋಗಿದೆ. ಆ ಸಂಖ್ಯೆ ಕಾರ್ಡಿನಲ್ಲಿ ಆ ಫೋಟೋ ಇದ್ದ ಜಾಗ. ಹಾಗಾಗಿ ಹೆಸರಿನ ಪ್ರಕಾರ ಜೋಡಿಸಿದರೆ ಹೆಚ್ಚುಕಡಿಮೆ ತೆಗೆದ ಕ್ರಮದಲ್ಲೇ ಬರುತ್ತವೆ. t ಇಂದ ಶುರುವಾಗುವ ಹೆಸರುಗಳು ಫೋಟೋದ ಒಳಗೆ ಅಡಗಿದ್ದ ಚಿಕ್ಕ ಪ್ರತಿಗಳು. ಅವನ್ನು ಬೇರೆ ಫೋಲ್ಡರಿಗೆ ಸರಿಸಿಡಿ, ಈಗಲೇ ಅಳಿಸಬೇಡಿ. ದೊಡ್ಡ ಫೋಟೋ ಹಾಳಾಗಿದ್ದಲ್ಲಿ ಅದೇ ಗತಿ.

ಕ್ಯಾಮೆರಾ ತೆಗೆದ ದಿನ, ಗಂಟೆಯನ್ನು ಫೋಟೋದ ಒಳಗೇ ಬರೆದಿರುತ್ತದೆ, ಅದು ಎಲ್ಲೂ ಹೋಗಿಲ್ಲ. ಎಕ್ಸಿಫ್‌ಟೂಲ್ ಅನ್ನುವ ಉಚಿತ ಉಪಕರಣಕ್ಕೆ ಹೀಗೆ ಹೇಳಿದರೆ ಅದನ್ನೇ ಹೆಸರಾಗಿ ಇಡುತ್ತದೆ:

```
exiftool "-FileName<DateTimeOriginal" -d "%Y-%m-%d_%H-%M-%S%%-c.%%e" recup_dir.1
```

`recup_dir.1` ಅನ್ನುವುದು ಫೋಟೋರೆಕ್ ಮಾಡಿಕೊಳ್ಳುವ ಫೋಲ್ಡರಿನ ಹೆಸರು. ಫೋಟೋ ಜಾಸ್ತಿ ಇದ್ದರೆ 2, 3 ಅಂತ ಮುಂದುವರಿಯುತ್ತದೆ. ನನ್ನ ಗೃಹಪ್ರವೇಶದ ಕೇಸಿನಲ್ಲಿ ಜಾತ್ರೆ, ಉಪನಯನ ಎಲ್ಲ ಕಲಸಿಹೋಗಿದ್ದನ್ನು ಬೇರ್ಪಡಿಸಿದ್ದು ಈ ಒಂದು ಸಾಲು. ವಾಟ್ಸಾಪಿನಿಂದ ಬಂದ ಫೋಟೋಗಳಲ್ಲಿ ಮಾತ್ರ ಈ ದಿನಾಂಕ ಇರುವುದಿಲ್ಲ, ಅವುಗಳ ಹೆಸರು ಬದಲಾಗದೆ ಹಾಗೇ ಉಳಿಯುತ್ತದೆ.

ಮೇಲರ್ಧ ಚೆನ್ನಾಗಿದೆ, ಕೆಳಗೆಲ್ಲ ಬೂದು ಬಣ್ಣ. ಸರಿ ಮಾಡಕ್ಕಾಗುತ್ತಾ?

ಸಾಮಾನ್ಯವಾಗಿ ಆಗುವುದಿಲ್ಲ. ಇದಕ್ಕೆ ಕಾರಣ ಎರಡು. ಒಂದು, ಆ ಫೋಟೋದ ಬಾಲದ ಮೇಲೆ ಬೇರೆಯದು ಬರೆದಿದೆ. ಇನ್ನೊಂದು, ಆ ಫೋಟೋ ಮೊದಲಿನಿಂದಲೂ ಎರಡು ತುಂಡಾಗಿ ಎರಡು ಜಾಗದಲ್ಲಿತ್ತು.

ತುಂಡಾಗುವುದು ಯಾಕೆ? ಕಾರ್ಯಕ್ರಮದ ನಡುವೆ ಕ್ಯಾಮೆರಾದಲ್ಲೇ ಕಣ್ಣು ಮುಚ್ಚಿದ್ದು, ಮಸುಕಾದದ್ದು ಅಂತ ಒಂದೊಂದೇ ಡಿಲೀಟ್ ಮಾಡುತ್ತೇವಲ್ಲ, ಅದರಿಂದ. ಅಲ್ಲಿ 7 ಎಂಬಿಯ ಕಿಂಡಿ ಬೀಳುತ್ತದೆ. ಮುಂದೆ 8 ಎಂಬಿಯ ಫೋಟೋ ಬಂದರೆ 7 ಆ ಕಿಂಡಿಗೆ, ಉಳಿದ 1 ಇನ್ನೆಲ್ಲಿಗೋ ಹೋಗಬಹುದು. ಪಟ್ಟಿ ಇರುವವರೆಗೆ ಎರಡನ್ನೂ ಸೇರಿಸಿ ಓದಬಹುದು. ಪಟ್ಟಿ ಹೋದರೆ ಬಾಲ ಎಲ್ಲಿದೆ ಅಂತ ಯಾರಿಗೆ ಗೊತ್ತು? ನನ್ನ 4 ಬೂದು ಫೋಟೋಗಳು ಹೀಗೆ ಆದವೇ. ಆವತ್ತಿನಿಂದ ಕಾರ್ಯಕ್ರಮ ಮುಗಿಯುವವರೆಗೆ ಕ್ಯಾಮೆರಾದಲ್ಲಿ ಒಂದನ್ನೂ ಡಿಲೀಟ್ ಮಾಡುವುದಿಲ್ಲ.

ವಿಡಿಯೊಗಳಿಗೆ ಈ ತೊಂದರೆ ಇನ್ನೂ ಜಾಸ್ತಿ. ಒಂದೊಂದು ವಿಡಿಯೊ ನೂರಾರು ಎಂಬಿ ಇರುತ್ತದೆ, ತುಂಡಾಗುವ ಸಾಧ್ಯತೆಯೂ ಅಷ್ಟೇ ಹೆಚ್ಚು. ಜೊತೆಗೆ ಅದನ್ನು ಹೇಗೆ ಓದಬೇಕು ಅನ್ನುವ ಸೂಚಿಯನ್ನು ಎಷ್ಟೋ ಕ್ಯಾಮೆರಾಗಳು ಫೈಲಿನ ಕೊನೆಯಲ್ಲಿ ಬರೆಯುತ್ತವೆ. ಬಾಲ ಹೋದರೆ ಇಡೀ ವಿಡಿಯೊ ತೆರೆಯುವುದೇ ಇಲ್ಲ.

ಕಾರ್ಡ್ ಫೋನಿನಲ್ಲಿತ್ತು. ಅದಕ್ಕೂ ಇದೇ ಉಪಾಯ ನಡೆಯುತ್ತಾ?

ನಡೆಯುತ್ತದೆ. ಫೋನಿನಿಂದ ಹೊರಗೆ ತೆಗೆದು ರೀಡರಿಗೆ ಹಾಕಬೇಕು ಅಷ್ಟೇ. ಆದರೆ ಮೊದಲು ಎರಡು ವಿಷಯ ನೋಡಿ. ಫೋಟೋ ನಿಜವಾಗಿ ಕಾರ್ಡಿನಲ್ಲಿತ್ತಾ? ಕಾರ್ಡ್ ಹಾಕಿದ ಮಾತ್ರಕ್ಕೆ ಫೋಟೋ ಅಲ್ಲಿಗೆ ಹೋಗುವುದಿಲ್ಲ, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಆರಿಸಿರಬೇಕು.

ಎರಡನೆಯದು, ಕೆಲವು ಫೋನುಗಳು ಕಾರ್ಡ್ ಹಾಕಿದಾಗ ಅದನ್ನು ಫೋನಿನ ಒಳ ಮೆಮೊರಿಯ ಭಾಗವಾಗಿ ಬಳಸಲಾ ಅಂತ ಕೇಳುತ್ತವೆ. ಹೌದು ಅಂದಿದ್ದರೆ ಕಾರ್ಡಿಗೂ ಆ ಫೋನಿನ ಬೀಗ ಬಿದ್ದಿದೆ. ಬೇರೆಲ್ಲೂ ಅದನ್ನು ಓದಲು ಬರುವುದಿಲ್ಲ, ಫೋಟೋರೆಕ್‌ಗೆ ಬರೀ ಕಸ ಕಾಣುತ್ತದೆ. ಫೋನ್ ಒಡೆದುಹೋಗಿ ಕಾರ್ಡ್ ಮಾತ್ರ ಉಳಿದವರಿಗೆ ಇದನ್ನು ಹೇಳುವಾಗ ನನಗೇ ಬೇಜಾರಾಗುತ್ತದೆ.

ಕಾರ್ಡ್ ಹಾಕಿದ್ರೆ “ಫಾರ್ಮ್ಯಾಟ್ ಮಾಡಿ” ಅಂತ ಬರ್ತಿದೆ. ಒಮ್ಮೊಮ್ಮೆ ಕಾಣೋದೇ ಇಲ್ಲ. ಏನು ಮಾಡೋದು?

ಫಾರ್ಮ್ಯಾಟ್ ಒತ್ತಬೇಡಿ, Cancel ಮಾಡಿ. ವಿಂಡೋಸ್ “ಸ್ಕ್ಯಾನ್ ಮಾಡಿ ಸರಿಪಡಿಸಲಾ” ಅಂದರೂ ಬೇಡ ಅನ್ನಿ. ಅದು ಪಟ್ಟಿಯನ್ನು ತನಗೆ ತೋಚಿದ ಹಾಗೆ ತಿದ್ದಿ, ಫೋಟೋಗಳನ್ನು FILE0000.CHK ಅನ್ನುವಂಥ ಹೆಸರಿನ ತುಂಡುಗಳಾಗಿ ಮಾಡಿಡಬಹುದು. ಅಂದರೆ ಕಾರ್ಡಿನ ಮೇಲೆ ಬರೆಯುತ್ತದೆ, ನಮಗೆ ಅದೇ ಬೇಡದ್ದು.

ಕಾರ್ಡ್ ಕಾಣಿಸಿಕೊಂಡು ಮರೆಯಾಗುತ್ತಿದ್ದರೆ ಅದು ಸಾಯುತ್ತಿದೆ. ಅದರ ಮೇಲೆ ಮತ್ತೆ ಮತ್ತೆ ಹುಡುಕಾಟ ನಡೆಸುವುದಕ್ಕಿಂತ, ಒಂದೇ ಸಲ ಇಡೀ ಕಾರ್ಡಿನ ಪಡಿಯಚ್ಚು ತೆಗೆದುಕೊಂಡು ಆಮೇಲೆ ಪಡಿಯಚ್ಚಿನ ಮೇಲೆ ಹುಡುಕಬೇಕು. ಲಿನಕ್ಸ್‌ನಲ್ಲಿ:

```
lsblk
sudo ddrescue -d -r3 /dev/sdb card.img card.map
photorec card.img
```

ಮೊದಲ ಸಾಲಿನಲ್ಲಿ ಕಾರ್ಡಿನ ಹೆಸರು `sdb` ಹೌದೋ ಅಲ್ಲವೋ ಅಳತೆ ನೋಡಿ ಖಚಿತ ಮಾಡಿಕೊಳ್ಳಿ. ಎರಡನೆಯದು ಓದಲು ಸುಲಭವಾದ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಮಾಡುವ ಭಾಗಕ್ಕೆ ಕೊನೆಯಲ್ಲಿ ಮೂರು ಸಲ ಪ್ರಯತ್ನಿಸುತ್ತದೆ. ನಡುವೆ ಕಾರ್ಡ್ ಕೈಕೊಟ್ಟರೆ ಕಿತ್ತು ಹಾಕಿ, ಹೆಸರು ಮತ್ತೆ ನೋಡಿಕೊಂಡು ಅದೇ ಆದೇಶ ಕೊಡಿ. `card.map` ಇರುವುದರಿಂದ ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತದೆ.

ಯಾವ ರೀಡರಿನಲ್ಲೂ ಕಾಣದಿದ್ದರೆ, ಅಥವಾ 0 ಜಿಬಿ ಅಂತ ತೋರಿಸಿದರೆ, ಸಾಫ್ಟ್‌ವೇರಿನ ಕೆಲಸ ಮುಗಿಯಿತು. ಒಳಗಿನ ಚಿಪ್ಪಿಗೆ ನೇರವಾಗಿ ತಂತಿ ಬೆಸೆದು ಓದುವ ಲ್ಯಾಬ್‌ಗಳಿವೆ, ಖರ್ಚು ಸಾವಿರಗಳ ಲೆಕ್ಕ. ಮೊದಲೇ ರೇಟು ಕೇಳಿ, ಫೋಟೋ ಸಿಗದಿದ್ದರೆ ಎಷ್ಟು ಕೊಡಬೇಕು ಅಂತಲೂ ಕೇಳಿ. ಲ್ಯಾಬ್‌ಗೆ ಕೊಡುವ ಮೊದಲು ಕಾರ್ಡನ್ನು ಉಜ್ಜುವುದು, ಬಿಸಿ ಮಾಡುವುದು, ಬಗ್ಗಿಸುವುದು ಬೇಡ.

## ಮುಂದಿನ ಸಲ ಹೀಗಾಗದ ಹಾಗೆ

ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇದೆ. ಅಷ್ಟು ಸಾಕಲ್ವಾ?

ಫೋನ್ ಕಳೆದುಹೋದರೆ ಸಾಕು. ನೀವೇ ಡಿಲೀಟ್ ಮಾಡಿದರೆ ಸಾಲದು. ಗೂಗಲ್ ಫೋಟೋಸ್‌ನಲ್ಲಿ ಒಂದು ಫೋಟೋ ಅಳಿಸಿದರೆ ಫೋನಿನಲ್ಲೂ ಹೋಗುತ್ತದೆ, ಅವರ ಕಡೆಯಿಂದಲೂ ಹೋಗುತ್ತದೆ. “ಬ್ಯಾಕಪ್ ಇದೆಯಲ್ಲ, ಫೋನಿಂದ ತೆಗೆದ್ರೆ ಏನಾಯ್ತು” ಅಂತ ಅದೇ ಆ್ಯಪ್‌ನಲ್ಲಿ ನೂರಾರು ಆರಿಸಿ ಡಿಲೀಟ್ ಕೊಟ್ಟು, ಎರಡು ತಿಂಗಳಾದ ಮೇಲೆ ಬಂದವರಿದ್ದಾರೆ. ಜಾಗ ಖಾಲಿ ಮಾಡಬೇಕಾದರೆ Free up space ಅನ್ನುವುದನ್ನು ಬಳಸಿ. ಅದು ಬ್ಯಾಕಪ್ ಆದದ್ದನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ.

ಬ್ಯಾಕಪ್ ನಡೆಯುತ್ತಿದೆಯಾ ಅನ್ನುವುದೂ ಅನುಮಾನವೇ. ಉಚಿತ ಜಾಗ 15 ಜಿಬಿ, ಅದು ಜಿಮೇಲ್‌ಗೂ ಸೇರಿ. 2021ರ ಜೂನ್‌ನಿಂದ ಕುಗ್ಗಿಸಿದ ಫೋಟೋಗಳೂ ಅದರ ಲೆಕ್ಕಕ್ಕೆ ಬರುತ್ತವೆ. ಜಾಗ ತುಂಬಿದ ದಿನ ಬ್ಯಾಕಪ್ ನಿಲ್ಲುತ್ತದೆ, ಸೂಚನೆ ಬಂದದ್ದನ್ನು ನಾವು ಪಕ್ಕಕ್ಕೆ ತಳ್ಳಿರುತ್ತೇವೆ. ಇನ್ನೊಂದು, ವಾಟ್ಸಾಪ್ ಫೋಲ್ಡರನ್ನು ನೀವಾಗಿ ಆನ್ ಮಾಡದಿದ್ದರೆ ಅದು ಬ್ಯಾಕಪ್ ಆಗುವುದಿಲ್ಲ. ಪರೀಕ್ಷೆ ಸುಲಭ. ಬೇರೆ ಕಂಪ್ಯೂಟರಿನಲ್ಲಿ photos.google.com ತೆರೆದು ನಿನ್ನೆ ತೆಗೆದ ಫೋಟೋ ಇದೆಯಾ ನೋಡಿ.

ನಾನು ಮನೆಯವರಿಗೆಲ್ಲ ಮಾಡಿಕೊಟ್ಟಿರುವುದು ಇಷ್ಟು: ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಫೋನಿನಲ್ಲಿ ತೆಗೆದ ಫೋಟೋಗಳಿರುವ DCIM ಫೋಲ್ಡರ್ ಪೂರ್ತಿ ಒಂದು ಹಾರ್ಡ್‌ಡಿಸ್ಕಿಗೆ ಕಾಪಿ. ಆಮೇಲೆ ಡಿಸ್ಕ್ ಕಿತ್ತು ಬೀರುವಿಗೆ. ಸಿಗಿಸಿಯೇ ಇಟ್ಟ ಡಿಸ್ಕಿನಿಂದಲೂ ಕೈತಪ್ಪಿ ಡಿಲೀಟ್ ಆಗಬಹುದು, ಬೀರುವಿನಲ್ಲಿರುವ ಡಿಸ್ಕಿನಿಂದ ಆಗುವುದಿಲ್ಲ.

ಸ್ಟುಡಿಯೋದವರು ನೀವು ಈಗ ಹೇಗೆ ಮಾಡ್ತೀರಿ?

ಆ ಗೃಹಪ್ರವೇಶದ ನಂತರ ಕಾರ್ಡುಗಳಿಗೆಲ್ಲ ಪೇಂಟ್‌ನಲ್ಲಿ ನಂಬರ್ ಬರೆದೆ. ತುಂಬಿದ ಕಾರ್ಡ್ ಕ್ಯಾಮೆರಾದಿಂದ ಹೊರಬಿದ್ದ ಕೂಡಲೇ ಲಾಕ್ ಜರುಗಿಸಿ, ಡಬ್ಬಿಯಲ್ಲಿ ಬೆನ್ನು ಮೇಲೆ ಮಾಡಿ ಇಡುತ್ತೇವೆ. ಮುಖ ಮೇಲಿದ್ದರೆ ಖಾಲಿ, ಬೆನ್ನು ಮೇಲಿದ್ದರೆ ಮುಟ್ಟಬಾರದು.

ಕಂಪ್ಯೂಟರಿಗೆ ಹಾಕುವಾಗ ಕಾಪಿ ಮಾತ್ರ, ಕಟ್ ಯಾವತ್ತೂ ಇಲ್ಲ. ಕಟ್ ಮಾಡಿ ಪೇಸ್ಟ್ ಮಾಡುವಾಗ ನಡುವೆ ಕರೆಂಟ್ ಹೋದರೆ ಫೋಟೋ ಇತ್ತಲೂ ಇಲ್ಲ ಅತ್ತಲೂ ಇಲ್ಲ ಅಂತಾಗಬಹುದು. ಮಲೆನಾಡಿನ ಮಳೆಗಾಲದಲ್ಲಿ ಇದು ದೂರದ ಮಾತಲ್ಲ. ಕಾಪಿ ಮುಗಿದ ಮೇಲೆ ಎರಡೂ ಕಡೆ ಎಷ್ಟು ಫೈಲು, ಎಷ್ಟು ಜಿಬಿ ಅಂತ ತಾಳೆ ನೋಡಿ, ನಡುವಿನಿಂದ ಒಂದೆರಡು ಫೋಟೋ ತೆರೆದು ನೋಡುತ್ತೇವೆ. ಎರಡನೇ ಡಿಸ್ಕಿಗೂ ಹೋದ ಮೇಲೆ ಮಾತ್ರ ಹುಡುಗ ಪುಸ್ತಕದಲ್ಲಿ ಕಾರ್ಡ್ ನಂಬರಿನ ಮುಂದೆ ಸಹಿ ಹಾಕುತ್ತಾನೆ. ಸಹಿ ಇಲ್ಲದ ಕಾರ್ಡಿಗೆ ಫಾರ್ಮ್ಯಾಟ್ ಇಲ್ಲ.

ಹಳೆ ಕಾರ್ಡ್ ಬೇರೆಯವರಿಗೆ ಕೊಡ್ತಿದ್ದೀನಿ. ಅವರು ನನ್ನ ಫೋಟೋ ತೆಗೀಬಹುದಾ?

ಸುಮ್ನೆ ಡಿಲೀಟ್ ಮಾಡಿ ಕೊಟ್ಟರೆ ಖಂಡಿತ ತೆಗೆಯಬಹುದು. ನನ್ನ ಕಾರ್ಡಿನಿಂದ ಹಿಂದಿನ ವರ್ಷದ ತೇರು ಎದ್ದು ಬಂದದ್ದು ನೆನಪಿದೆಯಲ್ಲ. ಈ ಸಲ ಬೇಕಾದದ್ದು ತಿರುಗುಮುರುಗು. ವಿಂಡೋಸ್‌ನಲ್ಲಿ ಕಾರ್ಡಿನ ಮೇಲೆ ರೈಟ್ ಕ್ಲಿಕ್ ಮಾಡಿ Format ತೆರೆದು, Quick Format ಮುಂದಿನ ಟಿಕ್ ತೆಗೆದು ಶುರು ಮಾಡಿ. ಅದು ಇಡೀ ಕಾರ್ಡಿನ ಮೇಲೆ ಸೊನ್ನೆ ಬರೆಯುತ್ತದೆ, ನಿಮಿಷಗಟ್ಟಲೆ ಹಿಡಿಯುತ್ತದೆ. ಎರಡೇ ಸೆಕೆಂಡಿನಲ್ಲಿ ಮುಗಿಯಿತು ಅಂದರೆ ಟಿಕ್ ತೆಗೆದಿಲ್ಲ ಅಂತ ಅರ್ಥ. ಮುಗಿದ ಮೇಲೆ ಅದೇ ಫೋಟೋರೆಕ್‌ನಲ್ಲಿ Whole ಕೊಟ್ಟು ಒಮ್ಮೆ ಹುಡುಕಿಸಿ. ಒಂದು ಫೋಟೋನೂ ಸಿಗಲಿಲ್ಲ ಅಂದರೆ ಕೊಡಬಹುದು.